ಆಟೋ ಬೆನ್ನಿನ ಬರಹ: ಕುಂಚ, ಬ್ಲೇಡು, ಪ್ರಿಂಟು

ಬೆಂಗಳೂರಿನ ಆಟೋ ಒಂದರ ಬೆನ್ನಿನಲ್ಲಿ ಎರಡು ಬರಹಗಳಿರುತ್ತವೆ. ಒಂದು ಸರ್ಕಾರ ಬರೆಸಿದ್ದು, ಇನ್ನೊಂದು ಆಟೋದವರು ಬರೆಸಿದ್ದು. ಸರ್ಕಾರದ್ದು ನಂಬರ್ ಪ್ಲೇಟು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 500 ಸಿಸಿ ಮೀರದ ತ್ರಿಚಕ್ರ ವಾಹನದ ನಂಬರು 35 ಮಿಲಿಮೀಟರ್ ಎತ್ತರ ಇರಬೇಕು, ಅಕ್ಷರದ ಗೆರೆ 7 ಮಿಲಿಮೀಟರ್ ದಪ್ಪ ಇರಬೇಕು. ಅದರ ಮೇಲಿನ ಬರಹಕ್ಕೆ ಅಂಥ ಅಳತೆಯೇನೂ ಇಲ್ಲ. 'ತಾಯಿಯ ಆಶೀರ್ವಾದ', 'ಶಂಕರಣ್ಣ', 'ಅಪ್ಪು' ಎಂಬ ಮಾತುಗಳು ನಂಬರಿಗಿಂತ ಎರಡು ಮೂರು ಪಟ್ಟು ದೊಡ್ಡದಾಗಿ ಅಲ್ಲಿ ಕೂತಿರುತ್ತವೆ. ಹಿಂದಿನ ಗಾಡಿಯವನಿಗೆ ಮೊದಲು ಕಾಣುವುದೂ ಅವೇ.

ಈ ಮಾತುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವುಗಳ ತಮಾಷೆಯನ್ನೋ ಭಾವುಕತೆಯನ್ನೋ ಪಟ್ಟಿ ಮಾಡುತ್ತಾರೆ. ನಾನಿಲ್ಲಿ ಕೇಳಹೊರಟಿರುವುದು ಬೇರೆ ಪ್ರಶ್ನೆ: ಆಟೋ ಬೆನ್ನಿನ ಮಾತು ಇಷ್ಟು ಚಿಕ್ಕದಾಗಿದ್ದು ಹೇಗೆ? ರಸ್ತೆಯಲ್ಲಿ ಓದಲು ಸಮಯವಿಲ್ಲ ಎನ್ನುವುದು ಅರ್ಧ ಉತ್ತರ. ಇನ್ನರ್ಧ ಉತ್ತರ ಬರೆಯುವ ಉಪಕರಣದಲ್ಲಿದೆ. ಕುಂಚ ಹೋಗಿ ಬ್ಲೇಡು ಬಂತು, ಬ್ಲೇಡಿನ ಜಾಗಕ್ಕೆ ಕಂಪ್ಯೂಟರಿನ ಕಟಿಂಗ್ ಯಂತ್ರ ಬಂತು, ಈಗ ಪ್ರಿಂಟು ಬಂದಿದೆ. ಪ್ರತಿ ಸಲ ಉಪಕರಣ ಬದಲಾದಾಗಲೂ ಹೇಳಬಹುದಾದ ಮಾತು ಬದಲಾಗಿದೆ.

ಮೊದಲು ಕುಂಚ. ಪೇಂಟರ್ ಕೈಯಲ್ಲಿ ಬರೆಸುವಾಗ ಎರಡು ಪದಕ್ಕೂ ಆರು ಪದಕ್ಕೂ ಕಷ್ಟದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಜಾಗ ಕಡಿಮೆಯಾದರೆ ಅಕ್ಷರವನ್ನು ಸ್ವಲ್ಪ ಒತ್ತರಿಸಬಹುದು, ಒತ್ತಕ್ಷರವನ್ನು ಪಕ್ಕಕ್ಕೆ ಜರುಗಿಸಬಹುದು, ದೀರ್ಘದ ಬಾಲವನ್ನು ಬಳ್ಳಿ ಮಾಡಿ ಖಾಲಿ ಮೂಲೆ ತುಂಬಬಹುದು. ಆಟೋದ ಟಾಪಿಗೆ ಹಾಕುವ ರೆಕ್ಸಿನ್ ಬಟ್ಟೆಯ ಮೇಲೂ ಬಣ್ಣ ನಿಲ್ಲುತ್ತದೆ. ಆದ್ದರಿಂದ ಬರಹ ಕೆಳಗಿನ ತಗಡಿಗೆ ಮಾತ್ರ ಸೀಮಿತವಾಗಿರಬೇಕಿಲ್ಲ. ಕುಂಚದ ಬರಹವನ್ನು ಗುರುತಿಸಲು ಒಂದು ಸುಲಭದ ಪರೀಕ್ಷೆ ಇದೆ. 'ತಾಯಿಯ' ಎಂಬ ಪದದಲ್ಲಿ 'ಯಿ' ಮತ್ತು 'ಯ' ಅಕ್ಕಪಕ್ಕ ಬರುತ್ತವೆ. ಎರಡರ ಹೊಟ್ಟೆಯನ್ನು ಹೋಲಿಸಿ ನೋಡಿ. ಕೂದಲೆಳೆಯಷ್ಟಾದರೂ ಬೇರೆಯಾಗಿದ್ದರೆ ಅದು ಕೈ ಬರಹ. ಅಚ್ಚು ಒಂದೇ ಆಗಿದ್ದರೆ ಅದು ಫಾಂಟು.

ಆಮೇಲೆ ಬಂದದ್ದು ಸ್ಟಿಕರ್. ನಮ್ಮಲ್ಲಿ ಅದಕ್ಕೆ ಇರುವ ಹೆಸರೇ ಒಂದು ಪುಟ್ಟ ಚರಿತ್ರೆ: 'ರೇಡಿಯಂ'. ಜೆ.ಸಿ. ರಸ್ತೆಯ ಅಂಗಡಿಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯವರೆಗೆ ಬೋರ್ಡಿನ ಮೇಲೆ ಕಾಣುವುದು ರೇಡಿಯಂ ಕಟಿಂಗ್ ಎಂಬ ಮಾತೇ. ಕ್ಯೂರಿ ದಂಪತಿಗಳು 1898ರಲ್ಲಿ ಕಂಡುಹಿಡಿದ ರೇಡಿಯಂ ಧಾತುವಿಗೂ ಈ ಹಾಳೆಗೂ ಯಾವ ಸಂಬಂಧವೂ ಇಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕೈಗಡಿಯಾರದ ಮುಳ್ಳುಗಳಿಗೆ ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು, ಅದು ಕತ್ತಲಲ್ಲಿ ತಾನೇ ಹೊಳೆಯುತ್ತಿತ್ತು. ಹಾಗಾಗಿ ಕತ್ತಲಲ್ಲಿ ಹೊಳೆಯುವುದೆಲ್ಲ ಜನರ ಬಾಯಲ್ಲಿ ರೇಡಿಯಂ ಆಯಿತು. ವಾಹನಗಳಿಗೆ ಹಚ್ಚುವ ಹೊಳೆಯುವ ಹಾಳೆ ತಾನಾಗಿ ಬೆಳಗುವುದಿಲ್ಲ. ಅದರ ಪದರದಲ್ಲಿರುವ ಸಣ್ಣ ಗಾಜಿನ ಮಣಿಗಳು ಹೆಡ್‌ಲೈಟಿನ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತವೆ, ಅಷ್ಟೆ. ಇಂದು ಅಂಗಡಿಯಲ್ಲಿ ರೇಡಿಯಂ ಎಂದು ಕೊಡುವುದರಲ್ಲಿ ಬಹುಪಾಲು ಆ ಮಣಿಗಳೂ ಇಲ್ಲದ, ಹಿಂದೆ ಅಂಟಿರುವ ಬರೀ ಬಣ್ಣದ ವಿನೈಲ್ ಹಾಳೆ. ವಸ್ತು ಎರಡು ಸಲ ಬದಲಾದರೂ ಹೆಸರು ಮಾತ್ರ ಉಳಿದುಕೊಂಡಿದೆ.

ಯಂತ್ರ ಬರುವ ಮೊದಲು ಈ ಹಾಳೆಯನ್ನು ಕೈಯಲ್ಲೇ ಕತ್ತರಿಸುತ್ತಿದ್ದರು. ಅಕ್ಷರದ ಹೊರಗೆರೆ ಬರೆದುಕೊಂಡು ಬ್ಲೇಡಿನಲ್ಲಿ ಕೊಯ್ಯುವುದು. ಕನ್ನಡದ ಅಕ್ಷರಗಳು ದುಂಡಗಿವೆ. ಕುಂಚಕ್ಕೆ ದುಂಡು ಸಲೀಸು, ಬ್ಲೇಡಿಗೆ ಅದೇ ಕಷ್ಟ. ನೇರ ಗೆರೆಯನ್ನು ಒಂದೇ ಎಳೆತದಲ್ಲಿ ಕೊಯ್ಯಬಹುದು, 'ಶ' ಅಥವಾ 'ಣ'ದ ತಿರುವಿನಲ್ಲಿ ಬ್ಲೇಡು ನಿಂತು ನಿಂತು ಹೋಗಬೇಕು. ಪ್ರತಿ ಅಕ್ಷರಕ್ಕೂ ಶ್ರಮ ಬೀಳುವಾಗ ಮಾತು ತಾನಾಗಿ ಮೊಟಕಾಗುತ್ತದೆ. ಮೊದಲ ಕಡಿತ ನಡೆದದ್ದು ಇಲ್ಲಿ ಎಂದು ನನ್ನ ಅಂದಾಜು.

ಈಗಿನ ಪದ್ಧತಿ ಹೀಗಿದೆ. ಅಂಗಡಿಯವರು ಕಂಪ್ಯೂಟರಿನಲ್ಲಿ ಪದ ಟೈಪ್ ಮಾಡಿ, ಅಳತೆ ಕೊಟ್ಟು, ಪ್ಲಾಟರ್ ಎಂಬ ಯಂತ್ರಕ್ಕೆ ಕಳಿಸುತ್ತಾರೆ. ಅದರಲ್ಲಿ ಪೆನ್ನಿನ ಜಾಗದಲ್ಲಿ ಸಣ್ಣ ಚಾಕು ಇರುತ್ತದೆ. ಚಾಕು ಬಣ್ಣದ ಪದರವನ್ನು ಮಾತ್ರ ಕೊಯ್ದು ಹಿಂದಿನ ಕಾಗದವನ್ನು ಹಾಗೇ ಬಿಡುವಂತೆ ಅದರ ಒತ್ತಡ ಹೊಂದಿಸಿರುತ್ತಾರೆ. ನಂತರ ಅಕ್ಷರದ ಸುತ್ತಲಿನ, ಒಳಗಿನ ಬೇಡದ ಭಾಗವನ್ನು ಮೊನೆಯಲ್ಲಿ ಎಬ್ಬಿಸಿ ಕಿತ್ತು ತೆಗೆಯುತ್ತಾರೆ. ಉಳಿದ ಅಕ್ಷರಗಳ ಮೇಲೆ ಅಗಲವಾದ ಟೇಪು ಒತ್ತಿ, ಎಲ್ಲವನ್ನೂ ಒಟ್ಟಿಗೆ ಎತ್ತಿ, ಒರೆಸಿದ ತಗಡಿನ ಮೇಲೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಗುಳ್ಳೆ ಹೋಗುವಂತೆ ಉಜ್ಜಿ ಟೇಪು ಬಿಡಿಸುತ್ತಾರೆ. ಮಡಿಕೆ ಬೀಳುವ ರೆಕ್ಸಿನ್ ಮೇಲೆ ಇದು ಸರಿಯಾಗಿ ಹಿಡಿಯುವುದಿಲ್ಲ. ಹೀಗಾಗಿ ಸ್ಟಿಕರ್ ಬಂದ ಮೇಲೆ ಬರಹ ತಗಡಿನ ಕಡೆಗೂ ಹಿಂದಿನ ಕಿಟಕಿಯ ಕಡೆಗೂ ಸರಿಯಿತು. ಬರೆಯುವ ಜಾಗವೇ ಕಿರಿದಾಯಿತು.

ಈ ಕೆಲಸದಲ್ಲಿ ಕನ್ನಡಕ್ಕೆ ವಿಶೇಷವಾದ ಒಂದು ತೊಡಕಿದೆ. ಇಂಥ ಅಂಗಡಿಗಳಲ್ಲಿ ಇಂದಿಗೂ ನುಡಿ, ಶ್ರೀಲಿಪಿಯಂಥ ಹಳೆಯ ಮಾದರಿಯ ಫಾಂಟುಗಳ ಬಳಕೆ ಇದೆ. ಅವುಗಳಲ್ಲಿ ಒಂದು ಅಕ್ಷರ ಪೂರ್ತಿ ಒಂದೇ ಆಕಾರವಾಗಿ ಇರುವುದಿಲ್ಲ. ಮೂಲ ಅಕ್ಷರದ ತುಂಡು ಒಂದು, ದೀರ್ಘದ್ದು ಇನ್ನೊಂದು, ಒತ್ತಿನದ್ದು ಮತ್ತೊಂದು. ಪರದೆಯ ಮೇಲೆ ತುಂಡುಗಳು ಒಂದರ ಮೇಲೊಂದು ಏರಿ ಸೇರಿದಂತೆ ಕಾಣುತ್ತವೆ. ಕಾಗದದ ಮೇಲೆ ಮುದ್ರಿಸಿದರೂ ತೊಂದರೆಯಿಲ್ಲ, ಕಪ್ಪಿನ ಮೇಲೆ ಕಪ್ಪು ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಚಾಕುವಿಗೆ ಗೊತ್ತಾಗುವುದು ಹೊರಗೆರೆ ಮಾತ್ರ. ಎರಡು ತುಂಡು ಏರಿರುವ ಕಡೆ ಅದು ಎರಡರ ಗೆರೆಯನ್ನೂ ಕೊಯ್ಯುತ್ತದೆ. ಕತ್ತರಿಸುವ ಮೊದಲು ತುಂಡುಗಳನ್ನು ಬೆಸೆದು ಒಂದೇ ಆಕಾರ ಮಾಡಿಕೊಳ್ಳದಿದ್ದರೆ ಅಕ್ಷರದ ಮೈಯೊಳಗೆ ಒಂದು ಸೀಳು ಉಳಿಯುತ್ತದೆ. ಹೊಸದರಲ್ಲಿ ಅದು ಕಾಣುವುದಿಲ್ಲ. ಮಳೆ ಧೂಳು ಕಂಡ ಮೇಲೆ ಸೀಳಿನಲ್ಲಿ ಕಪ್ಪು ಗೆರೆ ಮೂಡುತ್ತದೆ, ಆಮೇಲೆ ಆ ತುಂಡೇ ಎದ್ದುಹೋಗುತ್ತದೆ. 'ತಾಯಿ'ಯ ದೀರ್ಘ ಬಿದ್ದು 'ತಯಿ' ಆಗಿ ಓಡಾಡುವ ಆಟೋ ಕಂಡರೆ ಅದು ಬರೆದವರ ತಪ್ಪಾಗಿರದೆ ಬೆಸೆಯದೆ ಬಿಟ್ಟ ಫಾಂಟಿನ ತುಂಡು ಉದುರಿದ್ದಿರಬಹುದು.

ಓದಿಸುವ ಲೆಕ್ಕವನ್ನು ಈಗ ನೋಡೋಣ. ಬಜಾಜ್ ಆರ್‌ಇ ಆಟೋದ ಅಗಲ ಸುಮಾರು 1.3 ಮೀಟರ್. ಅಂಚುಗಳನ್ನು ಬಿಟ್ಟು ಬರಹಕ್ಕೆ ಒಂದು ಮೀಟರ್ ಸಿಕ್ಕಿತು ಎಂದಿಟ್ಟುಕೊಳ್ಳೋಣ. 'ತಾಯಿಯ ಆಶೀರ್ವಾದ'ದಲ್ಲಿ ಏಳು ಅಕ್ಷರಗಳಿವೆ. ಕನ್ನಡದ ಅಕ್ಷರ ಎತ್ತರಕ್ಕಿಂತ ತುಸು ಅಗಲ. ದೀರ್ಘ ಸೇರಿದರೆ ಇನ್ನೂ ಅಗಲ, ಅರ್ಕಾವೊತ್ತು ಬಂದರೆ ಅದಕ್ಕೂ ಪಕ್ಕದಲ್ಲೇ ಜಾಗ ಬೇಕು. ಎಲ್ಲ ಕೂಡಿದರೆ ಈ ಸಾಲಿನ ಉದ್ದ ಅಕ್ಷರದ ಎತ್ತರದ ಹನ್ನೊಂದು ಪಟ್ಟು ಆಗುತ್ತದೆ. ಅಂದರೆ ಒಂದು ಮೀಟರಿನಲ್ಲಿ ಅಕ್ಷರದ ಎತ್ತರ 90 ಮಿಲಿಮೀಟರಿಗೆ ನಿಲ್ಲುತ್ತದೆ.

ಇದು ಸಾಕೇ? ಕಣ್ಣಿನ ವೈದ್ಯರ ಚಾರ್ಟಿನ ಲೆಕ್ಕದಲ್ಲಿ ಆರೋಗ್ಯವಂತ ಕಣ್ಣು 6 ಮೀಟರ್ ದೂರದಿಂದ ಸುಮಾರು 9 ಮಿಲಿಮೀಟರ್ ಅಕ್ಷರವನ್ನು ಕಷ್ಟಪಟ್ಟು ಓದಬಲ್ಲದು. 20 ಮೀಟರಿಗೆ ಅದು 29 ಮಿಲಿಮೀಟರ್. ಕುಲುಕುವ ಗಾಡಿಯಲ್ಲಿ, ಒಂದೆರಡು ಸೆಕೆಂಡಿನಲ್ಲಿ, ಕಷ್ಟಪಡದೆ ಓದಬೇಕೆಂದರೆ ಅದರ ಮೂರು ಪಟ್ಟು ಇಟ್ಟುಕೊಳ್ಳುವುದು ಕ್ಷೇಮ. ಹಾಗೆ ಲೆಕ್ಕ ಹಾಕಿದರೆ 90 ಮಿಲಿಮೀಟರಿನ 'ತಾಯಿಯ ಆಶೀರ್ವಾದ' ಸುಮಾರು 20 ಮೀಟರಿಗೆ ಸಲೀಸಾಗಿ ಓದಿಸಿಕೊಳ್ಳುತ್ತದೆ. ಅದಕ್ಕಿಂತ ಎರಡು ಪಟ್ಟು ಉದ್ದದ ಮಾತನ್ನು ಒಂದೇ ಸಾಲಿನಲ್ಲಿ ಹಾಕಿದರೆ 10 ಮೀಟರಿಗೆ ಇಳಿಯುತ್ತದೆ. ಸಿಗ್ನಲ್ಲಿನಲ್ಲಿ ನಿಂತವರಿಗೆ ಅದು ಸಾಕು, ಓಡುವ ಗಾಡಿಯವರಿಗೆ ಸಾಲದು.

ಹಾಗಾದರೆ 'ಅಪ್ಪು' ಎಂಬ ಎರಡೇ ಅಕ್ಷರ ಎಷ್ಟು ದೊಡ್ಡದಾಗಬಹುದು? ಅಗಲದ ಲೆಕ್ಕದಲ್ಲಿ 300 ಮಿಲಿಮೀಟರ್ ದಾಟಬಹುದು. ಆದರೆ ಇಲ್ಲಿ ಎತ್ತರ ಅಡ್ಡ ಬರುತ್ತದೆ. ತಗಡಿನಲ್ಲಿ ಸಿಗುವ ಪಟ್ಟಿ 200 ಮಿಲಿಮೀಟರ್ ಇದ್ದರೆ ಅದರಲ್ಲಿ ಮೂರನೇ ಒಂದು ಪಾಲು ಕೆಳಗಿನ ಒತ್ತಿಗೆ ಹೋಗುತ್ತದೆ. ಮೇಲಿನ ಅಕ್ಷರಕ್ಕೆ ಉಳಿಯುವುದು 130ರ ಆಸುಪಾಸು. ಕನ್ನಡದಲ್ಲಿ ಉದ್ದದ ಮಾತಿಗೆ ಅಗಲ ಮಿತಿ ಹಾಕಿದರೆ, ಚಿಕ್ಕ ಮಾತಿಗೆ ಒತ್ತಕ್ಷರ ಮಿತಿ ಹಾಕುತ್ತದೆ. 'ಅಮ್ಮ', 'ಅಪ್ಪ', 'ಶಂಕರಣ್ಣ' ಎಂದು ನಮಗೆ ಪ್ರೀತಿಯ ಪದಗಳೆಲ್ಲ ಒತ್ತಿನಿಂದಲೇ ತುಂಬಿವೆ ಎನ್ನುವುದು ಸ್ಟಿಕರ್ ಕತ್ತರಿಸುವವರ ಪಾಡು.

ದಪ್ಪದ ವಿಷಯವೂ ಹೀಗೇ. ನಂಬರ್ ಪ್ಲೇಟಿನ ನಿಯಮದಲ್ಲಿ ಗೆರೆಯ ದಪ್ಪ ಎತ್ತರದ ಐದನೇ ಒಂದು ಭಾಗ. ರೋಮನ್ ಅಕ್ಷರಕ್ಕೂ ಅಂಕಿಗಳಿಗೂ ಅದು ಸರಿಹೋಗುತ್ತದೆ. ಕನ್ನಡದಲ್ಲಿ ದಪ್ಪ ಅಷ್ಟಕ್ಕಿಂತ ಹೆಚ್ಚಾದರೆ ಅಕ್ಷರದ ಹೊಟ್ಟೆ ಮುಚ್ಚಿಕೊಳ್ಳುತ್ತದೆ. 'ದ' ಮತ್ತು 'ಧ'ಗಳನ್ನು ಬೇರ್ಪಡಿಸುವ ಸಣ್ಣ ಸೀಳು, 'ಪ' ಮತ್ತು 'ಷ'ಗಳ ನಡುವಿನ ಗೆರೆ ದೂರದಿಂದ ಮೊದಲು ಮಾಯವಾಗುವ ಗುರುತುಗಳು. ಬಣ್ಣದಲ್ಲೂ ಒಂದು ತೊಡಕಿದೆ. ಕನ್ನಡ ಬಾವುಟದ ಅರಿಶಿನ ಕುಂಕುಮ ಎಲ್ಲರಿಗೂ ಬೇಕು. ಹಳೆಯ ಕಪ್ಪು ಆಟೋಗಳ ಮೇಲೆ ಅರಿಶಿನ ಎದ್ದು ಕಾಣುತ್ತಿತ್ತು. ಗ್ಯಾಸಿನ ಆಟೋಗಳು ಬಂದ ಮೇಲೆ ಮೈ ಹಸಿರಾಯಿತು. ಹಸಿರಿನ ಮೇಲೆ ಕೆಂಪು ಮಂಕು, ಸಂಜೆಯಲ್ಲಂತೂ ಎರಡೂ ಒಂದೇ ಕಪ್ಪಾಗಿ ಕಾಣುತ್ತವೆ. ಅದಕ್ಕೇ ಹಸಿರು ಮೈಯ ಮೇಲೆ ಕೆಂಪು ಅಕ್ಷರ ಹಾಕುವವರು ಸುತ್ತ ಹಳದಿ ಅಥವಾ ಬಿಳಿ ಅಂಚು ಕೊಡಬೇಕಾಗುತ್ತದೆ.

ಇನ್ನು ಒಂದು ತಪ್ಪಿನ ಕಥೆ. ನಮ್ಮ ರಸ್ತೆಗಳಲ್ಲಿ 'ಆಶೀರ್ವಾದ'ದಷ್ಟೇ ಧಾರಾಳವಾಗಿ 'ಆರ್ಶೀವಾದ'ವೂ ಕಾಣುತ್ತದೆ. ಅರ್ಕಾವೊತ್ತು 'ವಾ' ಬಿಟ್ಟು 'ಶೀ' ಪಕ್ಕ ಬಂದು ಕೂತಿರುತ್ತದೆ. ಇದಕ್ಕೆ ಕಾರಣ ಲಿಪಿಯಲ್ಲೇ ಇದೆ. ಅರ್ಕಾವೊತ್ತಿನ 'ರ್' ಉಚ್ಚಾರದಲ್ಲಿ ಅಕ್ಷರಕ್ಕಿಂತ ಮೊದಲು ಬರುತ್ತದೆ, ಬರಹದಲ್ಲಿ ಅಕ್ಷರದ ನಂತರ ಬರುತ್ತದೆ. 'ಶೀ' ಆದ ಕೂಡಲೇ 'ರ್' ಕೇಳಿಸುವುದರಿಂದ ಕೈ ಅದನ್ನು ಅಲ್ಲೇ ಬರೆದುಬಿಡುತ್ತದೆ.

ಹಸ್ತಪ್ರತಿ ಓದಿದವರಿಗೆ ಇಂಥ ತಪ್ಪು ಒಂದು ಸುಳಿವು. ಎರಡು ಓಲೆಗರಿ ಪ್ರತಿಗಳಲ್ಲಿ ಒಂದೇ ವಿಚಿತ್ರ ತಪ್ಪಿದ್ದರೆ ಅವೆರಡೂ ಒಂದೇ ಮೂಲದಿಂದ ಇಳಿದವು ಎಂದು ಊಹಿಸುವುದು ಗ್ರಂಥಸಂಪಾದನೆಯ ಹಳೆಯ ಸೂತ್ರ. ಆಟೋ ಬೆನ್ನಿಗೂ ಅದನ್ನು ಹಚ್ಚಬಹುದೇ? ಬರೀ 'ಆರ್ಶೀವಾದ'ದಿಂದ ಏನೂ ಸಿದ್ಧವಾಗುವುದಿಲ್ಲ, ಏಕೆಂದರೆ ಆ ತಪ್ಪು ಯಾರ ಕೈಯಲ್ಲಾದರೂ ತಾನಾಗಿ ಹುಟ್ಟಬಹುದು. ಆದರೆ ತಪ್ಪಿನ ಜೊತೆ ಅದೇ ಫಾಂಟು, ಅದೇ ಅಂಚು, ಪದಗಳ ನಡುವೆ ಅದೇ ಅಂತರ, ಕೊನೆಯಲ್ಲಿ ಅದೇ ಹೂವು ಇದ್ದರೆ ಎರಡು ಆಟೋಗಳೂ ಒಂದೇ ಕಂಪ್ಯೂಟರ್ ಫೈಲಿನ ಸಂತಾನ ಎನ್ನಬಹುದು. ಕುಂಚದ ಕಾಲದಲ್ಲಿ ಒಬ್ಬ ಪೇಂಟರ್ ಮಾಡಿದ ತಪ್ಪು ಅವನ ಕೈಗೆ ಸೇರಿದ್ದು, ಮುಂದಿನ ಆಟೋದಲ್ಲಿ ಅವನೇ ಸರಿ ಬರೆಯಬಹುದಿತ್ತು. ಫೈಲಿನಲ್ಲಿ ಒಮ್ಮೆ ಕೂತ ತಪ್ಪು ಮಾತ್ರ ಯಾರಾದರೂ ತಿದ್ದುವವರೆಗೆ ಪ್ರತಿ ಕಟಿಂಗಿನಲ್ಲೂ ಹೊರಬರುತ್ತದೆ. ಫೈಲಿನ ಜೊತೆ ಮಾತೂ ಹಾಗೇ ಸಿದ್ಧರೂಪದಲ್ಲಿ ಸಿಗುತ್ತದೆ. ಆಲ್ಬಮ್ಮಿನಲ್ಲಿರುವ ಹತ್ತಿಪ್ಪತ್ತು ಮಾತುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಸುಲಭ, ತನ್ನದೇ ಮಾತು ಹೇಳಿ ಹೊಸದಾಗಿ ಟೈಪ್ ಮಾಡಿಸುವುದು ತಡ. ಎರಡನೆಯ ಕಡಿತ ನಡೆದದ್ದು ಇಲ್ಲಿ. ಈ ಸಲ ಕಡಿಮೆಯಾದದ್ದು ಮಾತಿನ ಉದ್ದವಲ್ಲ, ಮಾತುಗಳ ಬಗೆ.

ಮುಖಗಳ ಚರಿತ್ರೆಯನ್ನೂ ಇದೇ ದಾರಿಯಲ್ಲಿ ಓದಬಹುದು. ಶಂಕರ್‌ನಾಗ್ 'ಆಟೋ ರಾಜ'ದಲ್ಲಿ ಆಟೋ ಚಾಲಕನಾಗಿ ನಟಿಸಿದ್ದು 1980ರಲ್ಲಿ. ಅವರು ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಬಳಿಯ ಆನಗೋಡಿನ ಅಪಘಾತದಲ್ಲಿ. ಆಮೇಲೆ ಹುಟ್ಟಿದ ಹುಡುಗರೂ ಇಂದು ಅವರ ಮುಖವನ್ನು ಆಟೋ ಬೆನ್ನಿಗೆ ಹಚ್ಚಿಕೊಂಡಿದ್ದಾರೆ. ಚಾಲಕನ ಕೆಲಸಕ್ಕೆ ತೆರೆಯ ಮೇಲೆ ಮರ್ಯಾದೆ ತಂದವರು ಎಂಬ ಅಭಿಮಾನ ಇದಕ್ಕೆ ಮೊದಲ ಕಾರಣ, ಸರಿ. ಆದರೆ ಇನ್ನೊಂದು ಕಾರಣವೂ ಇದೆ. ಪ್ಲಾಟರ್ ಕತ್ತರಿಸುವ ಹಾಳೆಗೆ ಒಂದೇ ಬಣ್ಣ. ನೆರಳು ಬೆಳಕಿನ ಮಧ್ಯದ ಮಬ್ಬು ಅದರಲ್ಲಿ ಬರುವುದಿಲ್ಲ, ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ. ದಟ್ಟ ಕೂದಲು, ಗಡ್ಡ, ಮೀಸೆ ಇರುವ ಮುಖ ಇಂಥ ಕಟಿಂಗಿಗೆ ಹೇಳಿ ಮಾಡಿಸಿದಂತೆ. ಕೂದಲು ಗಡ್ಡದ ಆಕಾರವನ್ನಷ್ಟೇ ಕತ್ತರಿಸಿದರೂ ನಡುವಿನ ಖಾಲಿ ಜಾಗ ಮುಖವಾಗಿಬಿಡುತ್ತದೆ. ಚೆ ಗುವಾರನ ಮುಖ ಜಗತ್ತಿನ ಗೋಡೆಗಳ ಮೇಲೆ ಉಳಿದದ್ದೂ ಇದೇ ಗುಣದಿಂದ.

ಪುನೀತ್ ರಾಜ್‌ಕುಮಾರ್ ತೀರಿಕೊಂಡ 2021ರ ಅಕ್ಟೋಬರ್ 29ರ ಹೊತ್ತಿಗೆ ಅಂಗಡಿಗಳಲ್ಲಿ ಬಣ್ಣದ ಪ್ರಿಂಟು ಸಾಮಾನ್ಯವಾಗಿತ್ತು. ಅಪ್ಪು ಎಂದರೆ ಜನಕ್ಕೆ ನೆನಪಾಗುವುದು ನಗು. ನಗುವನ್ನು ಒಂದೇ ಬಣ್ಣದಲ್ಲಿ ಕತ್ತರಿಸುವುದು ಕಷ್ಟ. ಕೆನ್ನೆಯ ಉಬ್ಬು, ಕಣ್ಣಂಚಿನ ಸುಕ್ಕು ಎಲ್ಲವೂ ಮಬ್ಬಿನಲ್ಲೇ ಇರುವುದು. ಪ್ರಿಂಟು ಇಲ್ಲದಿದ್ದರೆ ಆ ಶೋಕ ಆಟೋ ಬೆನ್ನಿನ ಮೇಲೆ ಬಹುಶಃ ಹೆಸರಾಗಿ ಮಾತ್ರ ಬರುತ್ತಿತ್ತು. ಪ್ರಿಂಟಿನ ಕಾರಣಕ್ಕೆ ಮುಖವಾಗಿ ಬಂತು, ಪಕ್ಕದಲ್ಲಿ ಮಾತು ಇನ್ನೂ ಕಿರಿದಾಗಿ ಎರಡಕ್ಷರಕ್ಕೆ ಇಳಿಯಿತು. ಆದರೆ ಪ್ರಿಂಟಿನ ಆಯುಷ್ಯ ಕಡಿಮೆ. ಬಣ್ಣದ ವಿನೈಲಿನಲ್ಲಿ ಬಣ್ಣ ಹಾಳೆಯ ಮೈಯಲ್ಲೇ ಇರುತ್ತದೆ, ಪ್ರಿಂಟಿನಲ್ಲಿ ಮೇಲ್ಪದರದಲ್ಲಿ ಮಾತ್ರ. ಬಿಸಿಲಿಗೆ ಅದರ ಹಳದಿಯೂ ಕೆಂಪೂ ಮೊದಲು ಹೋಗುತ್ತವೆ, ನೀಲಿ ಮತ್ತು ಕಪ್ಪು ಉಳಿಯುತ್ತವೆ. ಆಟೋ ಬೆನ್ನಿನ ಮೇಲೆ ನೀಲಿಗಟ್ಟಿದ ನಗುಮುಖ ಕಂಡರೆ ಅದು ಬಿಸಿಲು ಕಂಡ ಪ್ರಿಂಟು ಎಂದು ತಿಳಿಯಬೇಕು.

ಈ ಬರಹಗಳನ್ನು ಚರಿತ್ರೆಯ ಆಕರವಾಗಿ ಬಳಸುವವರಿಗೆ ಎರಡು ಮಿತಿಗಳಿವೆ. ಒಂದು, ಬರಹ ಯಾರದು ಎಂಬ ಪ್ರಶ್ನೆ. ಬೆಂಗಳೂರಿನಲ್ಲಿ ಆಟೋ ಓಡಿಸುವವರೆಲ್ಲ ಮಾಲೀಕರಲ್ಲ. ದಿನದ ಬಾಡಿಗೆಗೆ ಗಾಡಿ ಪಡೆದು ಓಡಿಸುವವರು ಬಹಳ ಮಂದಿ. 'ತಾಯಿಯ ಆಶೀರ್ವಾದ' ಎಂದರೆ ಯಾವ ತಾಯಿ? ಮಾಲೀಕನದೋ, ಹ್ಯಾಂಡಲ್ ಹಿಡಿದವನದೋ, ಅಥವಾ ಗಾಡಿ ಕೈ ಬದಲಾಗುವ ಮುಂಚಿನ ಮಾಲೀಕನದೋ? ಬರಹ ನೋಡಿ ಚಾಲಕನ ಮನಸ್ಸು ಓದುವವರು ಇದನ್ನು ಮರೆಯುತ್ತಾರೆ.

ಎರಡನೆಯದು ಆಯುಷ್ಯ. ಬಾಡಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕು. ಎಫ್‌ಸಿಗೆ ಮುಂಚೆ ತಗಡು ತಟ್ಟಿಸಿ ಬಣ್ಣ ಹೊಡೆಸುವುದು ರೂಢಿ. ಹಳೆಯ ಸ್ಟಿಕರ್ ಅಲ್ಲಿಗೆ ಮುಗಿಯಿತು. ಶಾಸನ ಕಲ್ಲಿನಲ್ಲಿ ಉಳಿದು ಅದನ್ನು ಕೊರೆಸಿದ ಕಾಲದ ಮಾತನ್ನು ಹೇಳುತ್ತದೆ. ಆಟೋದ ಬರಹ ಒಂದೆರಡು ವರ್ಷ ಬಾಳಿ ಬಣ್ಣದ ಅಡಿಯಲ್ಲಿ ಮುಚ್ಚಿಹೋಗುತ್ತದೆ. 1980ರ, 1990ರ ಆಟೋಗಳ ಬೆನ್ನಿನಲ್ಲಿ ಏನಿತ್ತು ಎಂದು ತಿಳಿಯಲು ಆ ಕಾಲದ ಸಿನಿಮಾಗಳ ರಸ್ತೆ ದೃಶ್ಯ, ಪತ್ರಿಕೆಗಳ ಫೋಟೋ, ಮನೆಯ ಆಲ್ಬಮ್ಮಿನಲ್ಲಿ ಹೊಸ ಆಟೋ ಮುಂದೆ ನಿಂತು ತೆಗೆಸಿಕೊಂಡ ಚಿತ್ರ ಹುಡುಕಬೇಕು. ಮನೆಯ ಚಿತ್ರಗಳಲ್ಲೂ ಹೂವಿನ ಹಾರ ಹಾಕಿ ಪೂಜೆ ಮಾಡಿದ ಮುಂಭಾಗವೇ ಹೆಚ್ಚು. ಬರಹವಿದ್ದ ಬೆನ್ನು ಕ್ಯಾಮರಾದ ಆಚೆ ಬದಿಗೆ ಉಳಿದುಬಿಟ್ಟಿದೆ.

ಹಾಗಾಗಿ ಈಗ ಫೋಟೋ ತೆಗೆದಿಡುವವರು ಮಾತನ್ನಷ್ಟೇ ಟೈಪ್ ಮಾಡಿಕೊಂಡರೆ ಕೆಲಸ ಅರ್ಧವಾಯಿತು. 'ತಾಯಿಯ ಆಶೀರ್ವಾದ' ಎಂದು ಸಾವಿರ ಸಲ ಬರೆದುಕೊಂಡರೂ ಅದು ಒಂದೇ ಮಾತು. ಅದರ ಎರಡು 'ಯ'ಗಳು ಒಂದೇ ತೆರನೋ ಬೇರೆಯೋ, ದೀರ್ಘದ ಬುಡದಲ್ಲಿ ಸೀಳಿದೆಯೋ, ಅರ್ಕಾವೊತ್ತು ಎಲ್ಲಿ ಕೂತಿದೆ, ಅಂಚಿನ ಬಣ್ಣ ಯಾವುದು, ತಗಡಿನ ಮೇಲಿದೆಯೋ ರೆಕ್ಸಿನ್ ಮೇಲೋ ಎಂದು ಗುರುತು ಹಾಕಿಕೊಂಡರೆ ಅದು ಯಾವ ಉಪಕರಣದಿಂದ, ಯಾವ ಕಡಿತದ ನಂತರ ಬಂದ ಮಾತು ಎಂದು ಹೇಳಲು ಸಾಧ್ಯ. ಮುಂದಿನ ಎಫ್‌ಸಿಯವರೆಗೆ ಮಾತ್ರ ಅದಕ್ಕೆ ಕಾಲಾವಕಾಶ.